ಲೋಗೊಗೆ ದುಡ್ಡು ಕೊಟ್ಟಿದ್ದೀರಿ, ಸಹಿ ಹಾಕಿಸಿಕೊಂಡಿದ್ದೀರಾ?

ದಾವಣಗೆರೆಯಲ್ಲಿ ಮನೆಯಲ್ಲೇ ಸಾಂಬಾರ್ ಪುಡಿ, ಚಟ್ನಿಪುಡಿ ಮಾಡಿ ಮಾರುವ ಒಬ್ಬ ಮಹಿಳೆ ಇದ್ದಾರೆ ಎಂದುಕೊಳ್ಳೋಣ. ವ್ಯಾಪಾರ ಕುದುರುತ್ತಿದ್ದಂತೆ ಅವರು ಮೈಸೂರಿನ ಒಬ್ಬ ಫ್ರೀಲಾನ್ಸ್ ಡಿಸೈನರ್ ಕೈಯಲ್ಲಿ ಲೋಗೊ ಮಾಡಿಸುತ್ತಾರೆ. ಮಾತುಕತೆಯೆಲ್ಲ ಫೋನಿನಲ್ಲಿ, ಒಪ್ಪಿಗೆಯೆಲ್ಲ ವಾಟ್ಸ್ಆ್ಯಪ್‌ನಲ್ಲಿ. ಒಟ್ಟು 15,000 ರೂಪಾಯಿ, ಅರ್ಧ ಅಡ್ವಾನ್ಸ್, ಉಳಿದರ್ಧ ಕೆಲಸ ಮುಗಿದ ಮೇಲೆ. ಡಿಸೈನರ್ ಮೂರು ಮಾದರಿ ತೋರಿಸುತ್ತಾರೆ, ಒಂದು ಒಪ್ಪಿಗೆಯಾಗುತ್ತದೆ, ಒಂದು PNG ಮತ್ತು ಒಂದು JPG ಬರುತ್ತದೆ, ದುಡ್ಡು ಸಂದಾಯವಾಗುತ್ತದೆ. ಎಲ್ಲರಿಗೂ ಸಂತೋಷ.

ಎರಡು ವರ್ಷ ಕಳೆದ ಮೇಲೆ ಅಂಗಡಿಗೆ ಹತ್ತು ಅಡಿ ಅಗಲದ ಫ್ಲೆಕ್ಸ್ ಬೇಕಾಗುತ್ತದೆ. ಪುಡಿ ತುಂಬುವ ಪೌಚ್‌ಗೆ ಬಣ್ಣದ ಅಚ್ಚು ಹಾಕಿಸಬೇಕಾಗುತ್ತದೆ. ಪ್ರೆಸ್ಸಿನವರು ಫೋನಿನಲ್ಲಿರುವ ಚಿತ್ರವನ್ನು ನೋಡಿ, ‘ಇದರಲ್ಲಿ ಆಗಲ್ಲ, ಓಪನ್ ಫೈಲ್ ತಗೊಂಡು ಬನ್ನಿ’ ಅನ್ನುತ್ತಾರೆ. ಮೈಸೂರಿಗೆ ಫೋನ್ ಮಾಡಿದರೆ, ‘ಓಪನ್ ಫೈಲ್ ನಮ್ಮ ಕೋಟೇಶನ್‌ನಲ್ಲಿ ಇರ್ಲಿಲ್ಲ ಮೇಡಂ, ಅದಕ್ಕೆ ಬೇರೆ ಚಾರ್ಜು’ ಎಂಬ ಉತ್ತರ. ‘ಪೂರ್ತಿ ದುಡ್ಡು ಕೊಟ್ಟಿದೀನಲ್ರೀ, ಲೋಗೊ ನಂದೇ ಅಲ್ವೇನ್ರೀ?’ ಎಂದು ಇವರು ಕೇಳುತ್ತಾರೆ.

ಈ ಇಬ್ಬರಲ್ಲಿ ಯಾರೂ ಮೋಸಗಾರರಲ್ಲ. ಆದರೆ ಆ ಪ್ರಶ್ನೆಗೆ ಭಾರತದ ಕಾನೂನು ಕೊಡುವ ಉತ್ತರ ಕೇಳಿದರೆ ದುಡ್ಡು ಕೊಟ್ಟವರಲ್ಲಿ ಹೆಚ್ಚಿನವರು ಬೆಚ್ಚಿಬೀಳುತ್ತಾರೆ. ಬರವಣಿಗೆಯಲ್ಲಿ ಏನೂ ಇಲ್ಲದಿದ್ದರೆ, ಲೋಗೊ ಚಿತ್ರದ ಕಾಪಿರೈಟ್ ಸಾಮಾನ್ಯವಾಗಿ ಅದನ್ನು ಬರೆದವರಲ್ಲೇ ಉಳಿಯುತ್ತದೆ. ಓಪನ್ ಫೈಲ್ ಕೊಡಲೇಬೇಕೆಂದು ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ.

ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ಅದರ 17ನೇ ಸೆಕ್ಷನ್ ಪ್ರಕಾರ ಕೃತಿಯ ಮೊದಲ ಮಾಲೀಕ ಅದನ್ನು ರಚಿಸಿದವನು. ಇದಕ್ಕೆ ಕೆಲವು ವಿನಾಯಿತಿಗಳಿವೆ. ಸಂಬಳಕ್ಕೆ ದುಡಿಯುವ ನೌಕರ ತನ್ನ ಕೆಲಸದ ಭಾಗವಾಗಿ ಬರೆದಿದ್ದರೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಕಾಪಿರೈಟ್ ಮಾಲೀಕನದು. ಜಾಹೀರಾತು ಕಂಪನಿಯೊಳಗೆ ಕೂತ ಡಿಸೈನರ್ ಬರೆದ ಲೋಗೊ ಆ ಕಂಪನಿಗೆ ಸೇರುವುದು ಹೀಗೆ. ಫ್ರೀಲಾನ್ಸರ್ ನೌಕರನಲ್ಲ. ಅವರು ತಮ್ಮ ಕಂಪ್ಯೂಟರಿನಲ್ಲಿ, ತಮ್ಮ ಹೊತ್ತಿಗೆ, ನಾಲ್ಕಾರು ಗಿರಾಕಿಗಳ ಕೆಲಸ ಮಾಡುವವರು. ಇನ್ನೊಂದು ವಿನಾಯಿತಿ, ಹಣ ಕೊಟ್ಟು ಹೇಳಿ ಮಾಡಿಸಿದ ಕೆಲಸದ್ದು. ಇದು ನಮಗೇ ಅನ್ವಯವಾಗುತ್ತದಲ್ಲ ಎಂದು ಓದಿದವರಿಗೆ ಅನ್ನಿಸುತ್ತದೆ. ಆದರೆ ಅಲ್ಲಿ ಹೆಸರಿಸಿರುವುದು ಛಾಯಾಚಿತ್ರ, ಪೇಂಟಿಂಗ್, ಭಾವಚಿತ್ರ, ಕೆತ್ತನೆ ಮತ್ತು ಸಿನಿಮಾಗಳನ್ನು. ಕಂಪ್ಯೂಟರಿನಲ್ಲಿ ರೂಪಿಸಿದ ಲೋಗೊ ಈ ಪಟ್ಟಿಗೆ ಸೇರುತ್ತದೆಯೇ ಎಂದು ಕೋರ್ಟಿನಲ್ಲಿ ವಾದಿಸಬಹುದು, ಅಷ್ಟೆ. ಅದನ್ನೇ ನಂಬಿ ಒಂದು ಬ್ರ್ಯಾಂಡ್ ಕಟ್ಟಲಾಗದು.

ಹಾಗೆಂದು ದಾವಣಗೆರೆಯವರು ನಾಳೆಯಿಂದ ಲೋಗೊ ಬಳಸಬಾರದು ಎಂದಲ್ಲ. ಮಸಾಲೆ ಪುಡಿಯ ವ್ಯಾಪಾರಕ್ಕೆಂದೇ ಮಾಡಿಸಿ ಹಣ ಕೊಟ್ಟದ್ದರಿಂದ, ಆ ವ್ಯಾಪಾರಕ್ಕೆ ಬಳಸಲು ಡಿಸೈನರ್ ಅನುಮತಿ ಕೊಟ್ಟಂತೆಯೇ ಎಂದು ಕೋರ್ಟುಗಳು ಸಾಮಾನ್ಯವಾಗಿ ಊಹಿಸಿಕೊಳ್ಳುತ್ತವೆ. ತೊಡಕು ಬರುವುದು ಆ ಅನುಮತಿ ಎಲ್ಲಿಯವರೆಗೆ ಎಂಬಲ್ಲಿ. ಅದೇ ಲೋಗೊ ಹಾಕಿ ಹೋಟೆಲ್ ತೆರೆಯಬಹುದೇ? ದುಬೈಗೆ ರಫ್ತು ಮಾಡಬಹುದೇ? ಫ್ರಾಂಚೈಸಿ ಕೊಡಬಹುದೇ? ಯಾರಾದರೂ ಚಿತ್ರ ಕದ್ದರೆ ಕಾಪಿರೈಟ್ ಮಾಲೀಕರೆಂದು ದಾವೆ ಹೂಡಬಹುದೇ? ಊಹೆಯ ಅನುಮತಿಯಲ್ಲಿ ಇದಕ್ಕೆಲ್ಲ ಸ್ಪಷ್ಟ ಉತ್ತರ ಸಿಗುವುದಿಲ್ಲ.

ಕಾಪಿರೈಟ್ ಕೈ ಬದಲಾಯಿಸಲು ಏನು ಮಾಡಬೇಕೆಂಬುದನ್ನು 19ನೇ ಸೆಕ್ಷನ್ ಹೇಳುತ್ತದೆ. ಈ ವಿಷಯದಲ್ಲಿ ಒಂದೇ ಒಂದು ಸೆಕ್ಷನ್ ಓದಲು ಪುರುಸೊತ್ತಿದ್ದರೆ ಇದನ್ನು ಓದಿ. ವರ್ಗಾವಣೆ ಬರವಣಿಗೆಯಲ್ಲಿರಬೇಕು, ಕೊಡುವವರ ಅಂದರೆ ಡಿಸೈನರ್ ಸಹಿ ಇರಬೇಕು. ಬಾಯಿಮಾತಿಗೆ ಬೆಲೆಯಿಲ್ಲ. ಬಿಲ್ಲಿನಲ್ಲಿ ‘ಲೋಗೊ ಡಿಸೈನ್ ಶುಲ್ಕ ಸಂದಾಯವಾಗಿದೆ’ ಎಂದಿದ್ದರೆ ಹಣ ಸಂದಿದೆ ಎಂದಷ್ಟೇ ಅರ್ಥ. ಪುಸ್ತಕ ಕೊಂಡವರಿಗೆ ಪುಸ್ತಕ ಸಿಗುತ್ತದೆ, ಅದನ್ನು ಅಚ್ಚು ಹಾಕಿ ಮಾರುವ ಹಕ್ಕು ಸಿಗುವುದಿಲ್ಲವಲ್ಲ, ಹಾಗೆ. ಮಾಹಿತಿ ತಂತ್ರಜ್ಞಾನ ಕಾಯ್ದೆ ಒಪ್ಪುವ ಎಲೆಕ್ಟ್ರಾನಿಕ್ ಸಹಿ ಆದೀತು. ಆದ್ದರಿಂದ ಮೈಸೂರು ದಾವಣಗೆರೆ ನಡುವೆ ಕಾಗದ ಓಡಾಡಬೇಕಿಲ್ಲ. ವಾಟ್ಸ್ಆ್ಯಪ್‌ನ ‘ಓಕೆ ಮೇಡಂ’ ಅನ್ನು ಮಾತ್ರ ಸಹಿ ಎಂದು ನಂಬಿ ಕೂರಬೇಡಿ.

ಸಹಿ ಹಾಕಿಸಿಕೊಂಡವರೂ ಎಡವುವ ಜಾಗ ಇದೇ ಸೆಕ್ಷನ್‌ನಲ್ಲಿ ಇನ್ನೂ ಸ್ವಲ್ಪ ಕೆಳಗಿದೆ. ‘ಲೋಗೊದ ಎಲ್ಲ ಹಕ್ಕುಗಳನ್ನು ಗ್ರಾಹಕರಿಗೆ ನೀಡಲಾಗಿದೆ’ ಎಂದು ಒಂದೇ ಸಾಲು ಬರೆದು ಎಷ್ಟೋ ಮಂದಿ ನೆಮ್ಮದಿಯಾಗಿರುತ್ತಾರೆ. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷಕ್ಕೆ ಎಂದು ಎಣಿಸುತ್ತದೆ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಎಣಿಸುತ್ತದೆ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದೇ ಹೋದರೆ, ಒಪ್ಪಂದದಲ್ಲಿ ಬೇರೆ ಹೇಳದಿದ್ದ ಪಕ್ಷದಲ್ಲಿ, ಆ ಹಕ್ಕಿನ ವರ್ಗಾವಣೆ ಬಿದ್ದುಹೋಗುತ್ತದೆ. ಈ ಮೂರೂ ಲೇಖಕರನ್ನು, ಕಲಾವಿದರನ್ನು ಕಾಪಾಡಲು ಬಂದ ನಿಯಮಗಳು. ಆ ಉದ್ದೇಶ ಒಳ್ಳೆಯದೇ. ಆದರೆ ಲೋಗೊ ಎಂಬುದು ಮೂವತ್ತು ನಲವತ್ತು ವರ್ಷ ಉಳಿಯಲಿ ಎಂದು ಮಾಡಿಸುವ ವಸ್ತು. 2026ರಲ್ಲಿ ಅಂಥ ಒಂದೇ ಸಾಲಿಗೆ ಸಹಿ ಮಾಡಿಸಿಕೊಂಡವರ ಹಕ್ಕು 2031ರಲ್ಲಿ, ಬ್ರ್ಯಾಂಡ್ ಜನರ ಬಾಯಲ್ಲಿ ನೆಲೆಗೊಳ್ಳುವ ಹೊತ್ತಿಗೆ, ಸದ್ದಿಲ್ಲದೆ ಡಿಸೈನರ್ ಕಡೆಗೆ ಮರಳಿರುತ್ತದೆ. ಆ ಸಂಗತಿ ಡಿಸೈನರ್‌ಗೂ ಗೊತ್ತಿರುವುದಿಲ್ಲ. ಕಂಪನಿಯನ್ನು ಮಾರಲು ಹೊರಟಾಗಲೋ, ಬಂಡವಾಳ ಹಾಕುವವರ ವಕೀಲರು ಕಾಗದ ಪತ್ರ ಕೇಳಿದಾಗಲೋ ಅದು ಬೆಳಕಿಗೆ ಬರುತ್ತದೆ.

ಹಾಗಾಗಿ ದಾವಣಗೆರೆಯವರ ಒಪ್ಪಂದದಲ್ಲಿ ಇರಬೇಕಾಗಿದ್ದ ಕಲಮು ಹೆಚ್ಚುಕಡಿಮೆ ಹೀಗಿರುತ್ತಿತ್ತು:

‘ಅನುಬಂಧ 1ರಲ್ಲಿ ಚಿತ್ರ ಸಮೇತ ತೋರಿಸಿರುವ ಅಂತಿಮ ಲೋಗೊದ ಸಂಪೂರ್ಣ ಕಾಪಿರೈಟನ್ನು, ಅದನ್ನು ಎಲ್ಲ ಮಾಧ್ಯಮಗಳಲ್ಲಿ ಬಳಸುವ, ನಕಲು ತೆಗೆಯುವ, ಬದಲಿಸುವ ಹಕ್ಕು ಸೇರಿದಂತೆ, ಕಾಪಿರೈಟ್ ಇರುವ ಪೂರ್ಣ ಅವಧಿಗೆ, ಪ್ರಪಂಚದಾದ್ಯಂತ, ಡಿಸೈನರ್ ಗ್ರಾಹಕರಿಗೆ ವರ್ಗಾಯಿಸಿದ್ದಾರೆ. ಒಟ್ಟು ಶುಲ್ಕ 15,000 ರೂಪಾಯಿ ಪೂರ್ತಿ ಸಂದಾಯವಾದ ದಿನದಿಂದ ಈ ವರ್ಗಾವಣೆ ಜಾರಿಗೆ ಬರುತ್ತದೆ. ಈ ಶುಲ್ಕವೇ ವರ್ಗಾವಣೆಯ ಪೂರ್ಣ ಪ್ರತಿಫಲ, ಬೇರೆ ರಾಯಲ್ಟಿ ಇಲ್ಲ. ಯಾವುದಾದರೂ ಹಕ್ಕನ್ನು ಗ್ರಾಹಕರು ಒಂದು ವರ್ಷದೊಳಗೆ ಬಳಸದಿದ್ದರೂ ವರ್ಗಾವಣೆ ರದ್ದಾಗುವುದಿಲ್ಲ.’

ಇದರಲ್ಲಿ ಒಂದು ಮಾತೂ ಅಲಂಕಾರಕ್ಕೆ ಬಂದದ್ದಲ್ಲ. ಕೃತಿ ಯಾವುದೆಂದು ಗುರುತಿಸಬೇಕು ಎಂದು ಕಾಯ್ದೆ ಕೇಳುವುದರಿಂದ ಚಿತ್ರವನ್ನು ಅಂಟಿಸುವುದು. ಪ್ರತಿಫಲ ನಮೂದಿಸಬೇಕು ಎನ್ನುವುದರಿಂದ ಮೊತ್ತವನ್ನು ಬರೆಯುವುದು. ಅವಧಿ, ಪ್ರದೇಶ, ಒಂದು ವರ್ಷ ಈ ಮೂರು ಮಾತುಗಳು ಮೇಲೆ ಹೇಳಿದ ಮೂರು ಬಲೆಗಳಿಗೆ ಉತ್ತರ. ಇನ್ನೂ ಹುಟ್ಟದ ಕೃತಿಯ ಹಕ್ಕನ್ನೂ ಮುಂಚಿತವಾಗಿ ಬರೆದುಕೊಡಲು ಕಾಯ್ದೆ ಬಿಡುತ್ತದೆ. ಕೃತಿ ಹುಟ್ಟಿದ ಮೇಲಷ್ಟೇ ಅದು ಜಾರಿಗೆ ಬರುತ್ತದೆ. ಆದ್ದರಿಂದ ಅಡ್ವಾನ್ಸ್ ಕೊಡುವ ದಿನವೇ ಸಹಿ ಮುಗಿಸಿ, ಲೋಗೊ ಒಪ್ಪಿಗೆಯಾದ ದಿನ ಅನುಬಂಧದಲ್ಲಿ ಚಿತ್ರ ಸೇರಿಸಿ ಮತ್ತೊಮ್ಮೆ ಇಬ್ಬರೂ ಸಹಿ ಹಾಕಿದರೆ ಕೆಲಸ ಅಚ್ಚುಕಟ್ಟು.

‘ಪೂರ್ತಿ ಸಂದಾಯವಾದ ದಿನದಿಂದ’ ಎಂಬ ಮಾತು ಡಿಸೈನರ್ ರಕ್ಷಣೆಗೆ ಇದೆ, ಅದನ್ನು ಬಿಟ್ಟುಕೊಡಬೇಡಿ ಎಂದು ನಾನು ಡಿಸೈನರ್‌ಗಳಿಗೆ ಒತ್ತಿ ಹೇಳುತ್ತೇನೆ. ಅರ್ಧ ದುಡ್ಡು ಕೊಟ್ಟು, ಲೋಗೊ ಬೋರ್ಡಿಗೆ ಏರಿಸಿ, ಆಮೇಲೆ ಫೋನ್ ಎತ್ತದ ಗಿರಾಕಿಗಳು ಈ ಕಸುಬಿನಲ್ಲಿ ಎಲ್ಲರಿಗೂ ಸಿಗುತ್ತಾರೆ. ಈ ಕಲಮು ಇದ್ದರೆ ಅಂಥವರು ಬಳಸುತ್ತಿರುವುದು ಇನ್ನೂ ಬೇರೆಯವರ ಕೃತಿಯನ್ನು. ಬಾಕಿ ವಸೂಲಿಗೆ ವಕೀಲರ ನೋಟಿಸು ಹೋದಾಗ ಈ ಒಂದು ಮಾತಿಗೆ ಬಹಳ ತೂಕ ಬರುತ್ತದೆ.

ಇನ್ನು ಓಪನ್ ಫೈಲ್. ಹಕ್ಕು ಬೇರೆ, ಫೈಲ್ ಬೇರೆ. ಕಾಪಿರೈಟ್ ಪೂರ್ತಿ ನಿಮ್ಮ ಹೆಸರಿಗೆ ಬಂದಿದ್ದರೂ ಡಿಸೈನರ್ ಕಂಪ್ಯೂಟರಿನಲ್ಲಿರುವ ಮೂಲ ಕಡತ ತಾನಾಗಿ ನಿಮ್ಮ ಕೈಗೆ ಬರುವುದಿಲ್ಲ. ಹಾಗೆಯೇ ಫೈಲ್ ಸಿಕ್ಕಿತೆಂದು ಹಕ್ಕೂ ಸಿಕ್ಕಂತಲ್ಲ. ಎರಡನ್ನೂ ಬೇರೆಬೇರೆ ಕಲಮುಗಳಲ್ಲಿ ಬರೆಯಬೇಕು.

ಫೈಲ್ ಯಾಕೆ ಬೇಕು ಎಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ನಮ್ಮ ಉದಾಹರಣೆಯ PNG ಚಿತ್ರ 1,000 ಪಿಕ್ಸೆಲ್ ಅಗಲ ಇತ್ತು ಎನ್ನಿ. ಹತ್ತು ಅಡಿ ಎಂದರೆ 120 ಇಂಚು. ಇಂಚಿಗೆ ಎಂಟು ಪಿಕ್ಸೆಲ್ ಚಿಲ್ಲರೆ ಮಾತ್ರ ಸಿಕ್ಕಿತು. ಹತ್ತಿರ ನಿಂತರೆ ಅಕ್ಷರದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಅದೇ ಚಿತ್ರವನ್ನು ಮೂರು ಇಂಚಿನ ಪೌಚಿನ ಮೇಲೆ ಹಾಕಿದರೆ ಇಂಚಿಗೆ 300ಕ್ಕಿಂತ ಹೆಚ್ಚು ಸಿಗುತ್ತದೆ, ಅಚ್ಚಿಗೆ ಅದು ಸಾಕು ಅನ್ನಿಸಬಹುದು. ಆದರೆ ಪೌಚ್ ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರ್ ಮಾಡಿಸಬೇಕು. ಪ್ರೆಸ್ಸಿನವರು ಬಣ್ಣಗಳನ್ನು ಬಿಡಿಸಿ ಬೇರೆ ಮಾಡಬೇಕು, ಅಂಚುಗಳನ್ನು ಒಂದರ ಮೇಲೊಂದು ಕೂದಲೆಳೆಯಷ್ಟು ಹತ್ತಿಸಬೇಕು. ಎಲ್ಲವೂ ಒಂದರಲ್ಲೊಂದು ಕರಗಿ ಕೂತ ಚಿತ್ರದಲ್ಲಿ ಇದು ದೊಡ್ಡ ತಲೆನೋವು. ರೇಖೆಗಳನ್ನು ಗಣಿತವಾಗಿ ಹಿಡಿದಿಟ್ಟುಕೊಳ್ಳುವ ವೆಕ್ಟರ್ ಫೈಲ್ ಇದ್ದರೆ ಎಷ್ಟು ಹಿಗ್ಗಿಸಿದರೂ ಅಂಚು ಕೆಡದು, ಬಣ್ಣಗಳನ್ನೂ ಸುಲಭವಾಗಿ ಬಿಡಿಸಬಹುದು.

ಆದ್ದರಿಂದ ಒಪ್ಪಂದದಲ್ಲಿ ‘ಸೋರ್ಸ್ ಫೈಲ್ ಕೊಡಲಾಗುವುದು’ ಎಂದಷ್ಟೇ ಬರೆದರೆ ಸಾಲದು. ಯಾವ ಸಾಫ್ಟ್‌ವೇರಿನಲ್ಲಿ ಕೆಲಸ ಮಾಡಿದ್ದಾರೋ ಅದರ ತಿದ್ದಬಹುದಾದ ಮೂಲ ಕಡತ, ಅಂದರೆ ಇಲಸ್ಟ್ರೇಟರ್ ಆದರೆ .ai, ಕೋರೆಲ್‌ಡ್ರಾ ಆದರೆ .cdr, ಯಾರ ಯಂತ್ರದಲ್ಲಾದರೂ ತೆರೆಯುವ ವೆಕ್ಟರ್.pdf ಮತ್ತು .svg, ಹಿನ್ನೆಲೆ ಇಲ್ಲದ PNG, ಒಂದೇ ಬಣ್ಣದ ಆವೃತ್ತಿ, ಬಣ್ಣಗಳ ಅಂಕಿಗಳು. ಇಷ್ಟನ್ನೂ ಹೆಸರು ಹಿಡಿದು ಬರೆಯಿರಿ. ಕೊನೆಯ ಕಂತು ಸಂದಾಯವಾಗಿ ಎಷ್ಟು ದಿನಗಳೊಳಗೆ ಕೊಡಬೇಕು ಎಂಬುದನ್ನೂ ಸೇರಿಸಿ.

ಅಕ್ಷರದ ವಿಷಯದಲ್ಲಿ ಎರಡು ಪ್ರತಿ ಬೇಕು. ಪ್ರೆಸ್ಸಿನವರು ‘ಕರ್ವ್ ಮಾಡಿ ಕೊಡಿ’ ಅನ್ನುವುದು, ಅಕ್ಷರಗಳನ್ನು ಬರೀ ಆಕಾರಗಳಾಗಿ ಬದಲಿಸಿದ ಪ್ರತಿಯನ್ನು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೂ ಅದು ಕೆಡುವುದಿಲ್ಲ. ಕನ್ನಡ ಲೋಗೊಗಳಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬರೆದದ್ದು ಬೇರೆ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತದೆ. ಆದರೆ ಕರ್ವ್ ಮಾಡಿದ ಮೇಲೆ ಹೆಸರಿನ ಒಂದು ಅಕ್ಷರವನ್ನೂ ಬೆರಳಚ್ಚಿಸಿ ತಿದ್ದಲಾಗದು. ಅದಕ್ಕೇ ಅಕ್ಷರ ಜೀವಂತವಾಗಿರುವ ಇನ್ನೊಂದು ಪ್ರತಿಯೂ ಇರಬೇಕು.

ಫಾಂಟನ್ನು ಮಾತ್ರ ಡಿಸೈನರ್ ನಿಮಗೆ ಬರೆದುಕೊಡಲಾರರು, ಅದು ಅವರದಲ್ಲ. ಫಾಂಟ್ ಕಂಪನಿ ಅವರಿಗೆ ಕೊಟ್ಟಿರುವುದು ಬಳಸುವ ಪರವಾನಗಿ. ಅದು ಗ್ರಾಹಕರಿಗೂ ದಾಟುತ್ತದೆ ಎಂದು ಭಾವಿಸಬೇಡಿ. ಯಾವ ಫಾಂಟ್, ಎಲ್ಲಿಂದ ತಂದದ್ದು, ಲೋಗೊಗೆ ಬಳಸಲು ಪರವಾನಗಿ ಬಿಡುತ್ತದೆಯೇ ಎಂದು ಡಿಸೈನರ್ ಬರೆದುಕೊಡಲಿ. ಬಲೂ ತಮ್ಮ, ನೋಟೊ ಸ್ಯಾನ್ಸ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟುಗಳಾದರೆ ಈ ತೊಂದರೆಯೇ ಇಲ್ಲ. ಸಿದ್ಧ ಚಿತ್ರಗಳ ಜಾಲತಾಣದಿಂದ ಇಳಿಸಿಕೊಂಡ ಒನಕೆ, ಮೆಣಸಿನಕಾಯಿ, ಎಲೆಯ ಚಿತ್ರವನ್ನು ಲೋಗೊದಲ್ಲಿ ಕೂರಿಸುವುದು ಇದಕ್ಕಿಂತ ಅಪಾಯದ್ದು. ಅಂಥ ತಾಣಗಳ ಷರತ್ತುಗಳು ಸಾಮಾನ್ಯವಾಗಿ ಅವನ್ನು ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಬಿಡುವುದಿಲ್ಲ, ಮತ್ತು ಅದೇ ಮೆಣಸಿನಕಾಯಿ ಇನ್ನೂ ಹತ್ತು ಕಂಪನಿಗಳ ಪೊಟ್ಟಣದ ಮೇಲಿರಬಹುದು. ‘ಇದು ನನ್ನ ಸ್ವಂತ ರಚನೆ, ಬೇರೆಯವರ ಚಿತ್ರ ಬಳಸಿಲ್ಲ’ ಎಂಬ ಡಿಸೈನರ್ ಭರವಸೆ ಒಪ್ಪಂದದಲ್ಲಿ ಇರಲೇಬೇಕು.

ಫೈಲ್ ಬಂದ ದಿನವೇ ಪರೀಕ್ಷಿಸಿ. ಬೇರೆ ಕಂಪ್ಯೂಟರಿನಲ್ಲಿ ತೆರೆದು, ಅಕ್ಷರದ ಒಂದು ಅಂಚನ್ನು ಎಷ್ಟು ಸಾಧ್ಯವೋ ಅಷ್ಟು ಹಿಗ್ಗಿಸಿ ನೋಡಿ. ಅಂಚು ನುಣುಪಾಗಿಯೇ ಉಳಿದರೆ ಅದು ವೆಕ್ಟರ್. ಚೌಕ ಚೌಕವಾಗಿ ಒಡೆದರೆ, ಹೆಸರು .pdf ಅಂತಲೋ .cdr ಅಂತಲೋ ಇದ್ದರೂ ಒಳಗೆ ಅಂಟಿಸಿರುವುದು ಹಳೆಯ JPG ಚಿತ್ರವನ್ನೇ.

ಡಿಸೈನರ್ ಕಡೆಯ ನ್ಯಾಯವೂ ಇಲ್ಲಿದೆ. ತಿರಸ್ಕೃತವಾದ ಆ ಎರಡು ಮಾದರಿಗಳು, ಕಚ್ಚಾ ರೇಖಾಚಿತ್ರಗಳು ಅವರವೇ, ಮುಂದೆ ಇನ್ನೊಬ್ಬರಿಗೆ ಬಳಸಬಹುದು ಎಂದು ಒಪ್ಪಂದದಲ್ಲಿ ಬರೆದುಬಿಡಿ. ಓಪನ್ ಫೈಲಿಗೆ ಬೇರೆ ದರ ಕೇಳುವುದು ತಪ್ಪಲ್ಲ. ಪುಸ್ತಕದ ಚಿತ್ರ, ಕ್ಯಾಲೆಂಡರಿನಂಥ ಕೆಲಸಗಳಲ್ಲಿ ಮೂಲ ಕಡತ ಕೊಡದಿರುವುದಕ್ಕೆ ಒಳ್ಳೆಯ ಕಾರಣಗಳೂ ಇವೆ. ಆದರೆ ಲೋಗೊ ವಿಷಯದಲ್ಲಿ, ದುಡ್ಡು ಪೂರ್ತಿ ಸಂದ ಮೇಲೆ ಹಕ್ಕನ್ನೂ ಫೈಲನ್ನೂ ಕೊಟ್ಟುಬಿಡುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಒಬ್ಬರ ಹೆಸರು ಹೊತ್ತ ಚಿಹ್ನೆಯನ್ನು ಡಿಸೈನರ್ ಇನ್ನಾರಿಗೂ ಮಾರಲಾರರು, ಅದಿಲ್ಲದೆ ಆ ವ್ಯಾಪಾರಿ ಹೆಜ್ಜೆ ಇಡಲಾರರು. ಅದಕ್ಕೆ ತಕ್ಕ ಬೆಲೆಯನ್ನು ಮೊದಲ ಕೋಟೇಶನ್‌ನಲ್ಲೇ ಸೇರಿಸಿ ಹೇಳಬೇಕು, ಎರಡು ವರ್ಷದ ಮೇಲೆ ಪೌಚ್ ಅಚ್ಚಿಗೆ ಹೋಗುವ ಹಿಂದಿನ ದಿನ ಅಲ್ಲ.

ನಡುವೆ ಒಂದು ಏಜೆನ್ಸಿ ಇದ್ದಾಗ ಸರಪಳಿ ಇನ್ನೂ ಉದ್ದವಾಗುತ್ತದೆ. ಡಾಕ್ಟರ್ ಮಾರ್ಟೆನ್ಸ್ ಬೂಟುಗಳನ್ನು ತಯಾರಿಸುತ್ತಿದ್ದ ಇಂಗ್ಲೆಂಡಿನ ಗ್ರಿಗ್ಸ್ ಕಂಪನಿ 1988ರಲ್ಲಿ ಒಂದು ಜಾಹೀರಾತು ಏಜೆನ್ಸಿಯ ಮೂಲಕ ತನ್ನ ಎರಡು ಗುರುತುಗಳನ್ನು ಸೇರಿಸಿ ಒಂದು ಲೋಗೊ ಮಾಡಿಸಿತು. ಏಜೆನ್ಸಿ ಆ ಕೆಲಸವನ್ನು ಕೊಟ್ಟದ್ದು ಗಂಟೆಗೆ 15 ಪೌಂಡ್ ದರದ ಒಬ್ಬ ಫ್ರೀಲಾನ್ಸರ್‌ಗೆ. ಕಾಪಿರೈಟ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ವರ್ಷಗಳ ಮೇಲೆ ಆ ಡಿಸೈನರ್ ತನ್ನ ಕಾಪಿರೈಟನ್ನು ಆಸ್ಟ್ರೇಲಿಯಾದ ಒಂದು ಪ್ರತಿಸ್ಪರ್ಧಿ ಪಾದರಕ್ಷೆ ಕಂಪನಿಗೆ ಬರೆದುಕೊಟ್ಟರು. ಮೊಕದ್ದಮೆ ಮೇಲ್ಮನವಿ ಕೋರ್ಟಿನವರೆಗೆ ಹೋಗಿ 2005ರಲ್ಲಿ ಗ್ರಿಗ್ಸ್ ಪರವಾಗಿ ಮುಗಿಯಿತು. ಲೋಗೊ ಎಂದ ಮೇಲೆ ಅದರ ಪೂರ್ತಿ ಹಕ್ಕು ಮಾಡಿಸಿಕೊಂಡವರಿಗೇ ಸೇರಬೇಕೆಂಬ ಒಪ್ಪಂದ ಅದರಲ್ಲಿ ಅಡಗಿಯೇ ಇದೆ ಎಂದು ಕೋರ್ಟು ಹೇಳಿತು. ಅದು ಬ್ರಿಟಿಷ್ ಕೋರ್ಟಿನ ತೀರ್ಪು, ನಮ್ಮ ಕೋರ್ಟುಗಳು ಅದಕ್ಕೆ ಬದ್ಧವಲ್ಲ. ಮತ್ತು ಗೆದ್ದ ಕಂಪನಿಗೂ ಅದು ಸಿಕ್ಕಿದ್ದು ವರ್ಷಗಟ್ಟಲೆ ಕೋರ್ಟು ಅಲೆದ ಮೇಲೆ. ಏಜೆನ್ಸಿಯಿಂದ ಲೋಗೊ ಮಾಡಿಸುವವರು ಕೇಳಬೇಕಾದ್ದು ಇಷ್ಟು: ನಿಜವಾಗಿ ಬರೆದವರು ನಿಮ್ಮ ನೌಕರರೇ, ಹೊರಗಿನವರೇ? ಹೊರಗಿನವರಾದರೆ ಅವರು ಸಹಿ ಮಾಡಿಕೊಟ್ಟ ವರ್ಗಾವಣೆ ಪತ್ರದ ಪ್ರತಿ ಕೊಡಿ.

ಹಕ್ಕು ಪೂರ್ತಿ ವರ್ಗವಾದ ಮೇಲೂ ಡಿಸೈನರ್ ಬಳಿ ಉಳಿಯುವುದೊಂದಿದೆ. ಇದು ತನ್ನ ರಚನೆ ಎಂದು ಹೇಳಿಕೊಳ್ಳುವ ಹಕ್ಕು, ತನ್ನ ಗೌರವಕ್ಕೆ ಕುಂದು ತರುವಂತೆ ಕೃತಿಯನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕು. 57ನೇ ಸೆಕ್ಷನ್ ಇದನ್ನು ಕಾಪಿರೈಟಿನಿಂದ ಬೇರೆಯಾಗಿಯೇ ಕಾಪಾಡುತ್ತದೆ. ಪೌಚಿನ ಮೇಲೆ ಡಿಸೈನರ್ ಹೆಸರು ಹಾಕಬೇಕಿಲ್ಲ, ಮುಂದೆ ಲೋಗೊ ಬದಲಿಸುವುದಕ್ಕೆ ಅವರ ಆಕ್ಷೇಪವಿಲ್ಲ, ತಮ್ಮ ಕೆಲಸಗಳ ಸಂಗ್ರಹದಲ್ಲಿ ಅವರು ಇದನ್ನು ತೋರಿಸಬಹುದು, ಆದರೆ ಮಾರುಕಟ್ಟೆಗೆ ಬಿಡುಗಡೆಯಾದ ಮೇಲೆ ಎಂದು ನಾಲ್ಕು ಸಾಲು ಬರೆದುಕೊಂಡರೆ ಇಬ್ಬರಿಗೂ ಹಿತ.

ಟ್ರೇಡ್‌ಮಾರ್ಕ್ ನೋಂದಣಿ ಮಾಡಿಸಿದ್ದೇನೆ, ಮತ್ತೇನು ಭಯ ಎಂದು ಕೇಳುವವರಿದ್ದಾರೆ. ವ್ಯಾಪಾರದಲ್ಲಿ ಆ ಗುರುತನ್ನು ಬಳಸುವ ಹಕ್ಕು ಟ್ರೇಡ್‌ಮಾರ್ಕ್, ಆ ಚಿತ್ರದ ಹಕ್ಕು ಕಾಪಿರೈಟ್. ಒಂದೇ ಲೋಗೊದ ಮೇಲೆ ಇವೆರಡೂ ಬೇರೆಬೇರೆಯವರ ಕೈಯಲ್ಲಿರಬಹುದು. ಬೇರೆಯವರು ಕಾಪಿರೈಟ್ ಬಲದಿಂದ ತಡೆಯಬಹುದಾದ ಗುರುತನ್ನು ನೋಂದಾಯಿಸಬಾರದು ಎಂದು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 11ನೇ ಸೆಕ್ಷನ್ ಹೇಳುತ್ತದೆ. ಹಾಗೆ ಆಕ್ಷೇಪ ಎತ್ತಬೇಕಾದವರು ಕಾಪಿರೈಟ್ ಇರುವವರು. ಲೋಗೊವನ್ನು ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸಲು ಹೋದರೆ ಟ್ರೇಡ್‌ಮಾರ್ಕ್ ಕಚೇರಿಯ ಪ್ರಮಾಣಪತ್ರವೂ, ಬರೆದವರು ಬೇರೆಯವರಾದರೆ ಅವರ ಒಪ್ಪಿಗೆ ಪತ್ರವೂ ಬೇಕು. ಹಾಗಾಗಿ ಇಂಥ ಅರ್ಜಿಗಳಿಗೆ ಬೇಕಾದ ಪತ್ರಗಳಿಗೆ ಸಹಿ ಹಾಕಿಕೊಡುವುದಾಗಿ ಡಿಸೈನರ್ ಒಪ್ಪಂದದಲ್ಲೇ ಮಾತು ಕೊಡಬೇಕು.

ಬರವಣಿಗೆ ಇಲ್ಲದೆ ಮಾಡಿಸಿದ ಹಳೆಯ ಲೋಗೊಗಳದ್ದು ಏನು? ಈಗಲೂ ವರ್ಗಾವಣೆ ಪತ್ರ ಮಾಡಿಸಿಕೊಳ್ಳಬಹುದು, ತಡವಾಯಿತೆಂದು ಕಾಯ್ದೆ ಬೇಡವೆನ್ನುವುದಿಲ್ಲ. ದಾವಣಗೆರೆಯವರ ಪ್ರಕರಣದಲ್ಲಿ ನಾನು ಸೂಚಿಸುವ ದಾರಿ, ಓಪನ್ ಫೈಲಿನ ಚಾರ್ಜಿಗೆ ಜಗಳವಾಡದೆ ಒಂದು ಮೊತ್ತಕ್ಕೆ ಒಪ್ಪಿ, ಆ ಹಣಕ್ಕೆ ಫೈಲುಗಳ ಪಟ್ಟಿ ಮತ್ತು ಮೇಲಿನ ಕಲಮು ಎರಡೂ ಇರುವ ಪತ್ರಕ್ಕೆ ಸಹಿ ಪಡೆಯುವುದು. ಬರೀ ಫೈಲಿಗೆ ದುಡ್ಡು ಕೊಟ್ಟು ಸುಮ್ಮನಾದರೆ ಹಕ್ಕಿನ ಪ್ರಶ್ನೆ ಇದ್ದಲ್ಲೇ ಇರುತ್ತದೆ. ಪತ್ರಕ್ಕೆ ಎಷ್ಟರ ಛಾಪಾ ಕಾಗದ ಬೇಕೆಂದು ವಕೀಲರನ್ನು ಕೇಳಿ.

ಡಿಸೈನರ್ ತೀರಿಹೋಗಿದ್ದರೆ ಅವರ ವಾರಸುದಾರರು ಸಹಿ ಮಾಡಬೇಕಾಗುತ್ತದೆ, ಏಕೆಂದರೆ ಕಾಪಿರೈಟ್ ರಚಿಸಿದವರ ಜೀವಿತಾವಧಿ ಮುಗಿದು ಮತ್ತೆ 60 ವರ್ಷ ಇರುತ್ತದೆ. ಯಾರೂ ಸಿಗದಿದ್ದರೆ ಹಳೆಯ ಲೋಗೊವನ್ನೇ ಇನ್ನೊಬ್ಬರ ಕೈಯಲ್ಲಿ ನೋಡಿ ಬರೆಸುವುದು ಪರಿಹಾರವಲ್ಲ, ಅದೂ ನಕಲೇ. ಬ್ರ್ಯಾಂಡಿನ ಹೆಸರು ವ್ಯಾಪಾರಿಯದು, ಅದನ್ನು ಹಾಗೆಯೇ ಇಟ್ಟುಕೊಂಡು ಚಿತ್ರವನ್ನು ಹೊಸದಾಗಿ ಮಾಡಿಸಬಹುದು. ಈ ಸಲ ಸಹಿ ಅಡ್ವಾನ್ಸ್ ಕೊಡುವ ದಿನವೇ ಆಗಲಿ.